656 ನ್ಯಾನೋಮೀಟರ್ ಗೆರೆ ಹೈಡ್ರೋಜನ್ನಿನದೋ, ಹೀಲಿಯಮ್ಮಿನದೋ?

ಪ್ರಶ್ನೆ: ಮೇಡಂ, ನಾನು ಮಧುಗಿರಿಯಲ್ಲಿ ಸೆಕೆಂಡ್ ಪಿಯುಸಿ ಓದ್ತಿದ್ದೀನಿ. He⁺ ಅಯಾನಿನಲ್ಲಿ ಎಲೆಕ್ಟ್ರಾನ್ n = 6 ರಿಂದ n = 4 ಕ್ಕೆ ಇಳಿದರೆ ಬರುವ ಬೆಳಕಿನ ತರಂಗಾಂತರ ಎಷ್ಟು ಅಂತ ಒಂದು ಲೆಕ್ಕ ಇತ್ತು. ಮೊದಲು ಮಾಡಿದಾಗ 2625 ನ್ಯಾನೋಮೀಟರ್ ಬಂತು, ಆಮೇಲೆ 1313, ಕೊನೆಗೆ 656. ಆದರೆ 656 ಹೈಡ್ರೋಜನ್ನಿನ ಕೆಂಪು ಗೆರೆ ಅಲ್ವಾ? ಅದು ಹೀಲಿಯಂಗೆ ಹೇಗೆ ಬರುತ್ತೆ? ಎಲ್ಲಿ ತಪ್ಪಿದೀನಿ?

ಉತ್ತರ: ಕೊನೆಯ ಸಲ ನೀವು ತಪ್ಪಿಲ್ಲ. 656 ಸರಿಯಾದ ಉತ್ತರ. ಮೊದಲ ಎರಡು ತಪ್ಪು. ಆ ಎರಡು ಎಲ್ಲಿಂದ ಬಂದವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮ ನಿಜವಾದ ಅನುಮಾನಕ್ಕೆ ಬರೋಣ. ಇದೇ ಅನುಮಾನ ನೂರು ವರ್ಷಕ್ಕೂ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳನ್ನೂ ಕಾಡಿತ್ತು.

2625 ಬಂದಾಗ ನೀವು ಹೈಡ್ರೋಜನ್ನಿನ ಸೂತ್ರವನ್ನೇ ಹಾಕಿ, Z ಬಿಟ್ಟಿದ್ದೀರಿ. 1313 ಬಂದಾಗ Z ನೆನಪಾಗಿದೆ, ಆದರೆ ಶಕ್ತಿಯನ್ನು ಬರೀ 2 ರಿಂದ ಗುಣಿಸಿದ್ದೀರಿ. ಗುಣಿಸಬೇಕಾದ್ದು Z ವರ್ಗದಿಂದ, ಅಂದರೆ 4 ರಿಂದ. ಶಕ್ತಿ ಎಷ್ಟು ಪಟ್ಟು ಹೆಚ್ಚುತ್ತದೋ ತರಂಗಾಂತರ ಅಷ್ಟು ಪಟ್ಟು ಇಳಿಯುತ್ತದೆ, ಹಾಗಾಗಿ 2625 ಅನ್ನು 2 ರಿಂದ ಭಾಗಿಸಿದರೆ 1313, 4 ರಿಂದ ಭಾಗಿಸಿದರೆ 656. ನಿಮ್ಮ ಮೂರು ಉತ್ತರಗಳ ನಡುವೆ ಇರುವುದು ಇಷ್ಟೇ.

ವರ್ಗ ಯಾಕೆ ಅಂತ ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಹೀಲಿಯಂ ನ್ಯೂಕ್ಲಿಯಸ್‌ನಲ್ಲಿ ಎರಡು ಪ್ರೋಟಾನ್. ಹಾಗಾಗಿ ಎಲೆಕ್ಟ್ರಾನನ್ನು ಎಳೆಯುವ ಆವೇಶ ಎರಡು ಪಟ್ಟು. ಇದು ಒಂದು 2. ಎಳೆತ ಜಾಸ್ತಿಯಾದ್ದರಿಂದ ಎಲೆಕ್ಟ್ರಾನ್ ಹತ್ತಿರಕ್ಕೂ ಬರುತ್ತದೆ. ಬೋರ್ ಮಾದರಿಯಲ್ಲಿ ಕಕ್ಷೆಯ ತ್ರಿಜ್ಯ n²/Z ಲೆಕ್ಕದಲ್ಲಿ ಬದಲಾಗುತ್ತದೆ. ಹೈಡ್ರೋಜನ್ನಿನ ಮೊದಲ ಕಕ್ಷೆ 0.053 ನ್ಯಾನೋಮೀಟರ್ ದೂರದಲ್ಲಿದ್ದರೆ He⁺ ಅಯಾನಿನದ್ದು ಅದರ ಅರ್ಧ ದೂರದಲ್ಲಿ. ದೂರ ಅರ್ಧವಾದರೆ ಶಕ್ತಿ ಮತ್ತೆ ಎರಡು ಪಟ್ಟು. ಇದು ಇನ್ನೊಂದು 2. ಆವೇಶದಿಂದ ಒಂದು Z, ದೂರದಿಂದ ಇನ್ನೊಂದು Z. ಎರಡೂ ಸೇರಿ Z².

```
E(n) = -13.6 × Z² / n²    (eV)
```

ಮೈನಸ್ ಚಿಹ್ನೆ ನೋಡಿ ಸುಮಾರು ಮಕ್ಕಳು ಗಾಬರಿಯಾಗುತ್ತಾರೆ. ನಿಮ್ಮ ಕಡೆ ತೋಟಗಳಲ್ಲಿ ಹಳೆಯ ಕಲ್ಲು ಕಟ್ಟಿದ ಬಾವಿಗಳಿವೆ ಅಲ್ವಾ? ಬೋರ್‌ವೆಲ್ ಬಂದ ಮೇಲೆ ಎಷ್ಟೋ ಬತ್ತಿಹೋದವು. ಅಂಥ ಬತ್ತಿದ ಬಾವಿಗೆ ಇಣುಕಿದರೆ ತಳದವರೆಗೂ ಮೆಟ್ಟಿಲು ಕಾಣುತ್ತದೆ. ಪರಮಾಣುವನ್ನು ಹಾಗೆ ಒಂದು ಬಾವಿ ಅಂದುಕೊಳ್ಳಿ. ನೆಲದ ಮಟ್ಟ ಅಂದರೆ ಸೊನ್ನೆ. ಅಲ್ಲಿಗೆ ಬಂದ ಎಲೆಕ್ಟ್ರಾನ್ ಬಾವಿಯಿಂದ ಹೊರಬಿದ್ದಿದೆ, ಯಾರ ಹಿಡಿತದಲ್ಲೂ ಇಲ್ಲ. ಅದರ ಕೆಳಗಿನದ್ದೆಲ್ಲ ಮೈನಸ್. ಎಷ್ಟು ಅಡಿ ಕೆಳಗಿದೆ ಅನ್ನುವುದೇ ಶಕ್ತಿ. ಒಂದು ಅಡಿಗೆ ಒಂದು ಎಲೆಕ್ಟ್ರಾನ್ ವೋಲ್ಟ್ ಅಂತ ಇಟ್ಟುಕೊಳ್ಳೋಣ.

ಮೆಟ್ಟಿಲನ್ನು ತಳದಿಂದ ಎಣಿಸಬೇಕು. ತಳವೇ n = 1. ಹೈಡ್ರೋಜನ್ ಬಾವಿಯ ಆಳ 13.6 ಅಡಿ. ಎರಡನೇ ಮೆಟ್ಟಿಲು ನೆಲದಿಂದ 3.4 ಅಡಿ ಕೆಳಗೆ, ಮೂರನೆಯದು 1.51 ಅಡಿ ಕೆಳಗೆ, ನಾಲ್ಕನೆಯದು 0.85. ಮೊದಲ ಹೆಜ್ಜೆ ಹತ್ತು ಅಡಿಗೂ ಜಾಸ್ತಿ, ಮೇಲಕ್ಕೆ ಹೋದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತವೆ. ನಮ್ಮ ಬಾವಿಯ ಮೆಟ್ಟಿಲು ಹೀಗೆ ಇರುವುದಿಲ್ಲ, ಅದಷ್ಟೇ ವ್ಯತ್ಯಾಸ.

He⁺ ಬಾವಿ ನಾಲ್ಕು ಪಟ್ಟು ಆಳ, 54.4 ಅಡಿ. ಇದು ಸುಮ್ನೆ ಸೂತ್ರದಿಂದ ಬಂದ ಸಂಖ್ಯೆಯಲ್ಲ. ಹೀಲಿಯಮ್ಮಿನ ಎರಡನೇ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾಗುವ ಶಕ್ತಿಯನ್ನು ಅಳೆದರೂ 54.4 ಎಲೆಕ್ಟ್ರಾನ್ ವೋಲ್ಟ್ ಸಿಗುತ್ತದೆ. ಅದರ ಮೆಟ್ಟಿಲುಗಳ ಆಳ ತಳದಿಂದ ಮೇಲಕ್ಕೆ ಹೀಗೆ: 54.4, 13.6, 6.04, 3.4, 2.18, 1.51.

ಈಗ ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಹೀಲಿಯಂ ಬಾವಿಯ ನಾಲ್ಕನೇ ಮೆಟ್ಟಿಲು 3.4 ಅಡಿಯಲ್ಲಿದೆ. ಹೈಡ್ರೋಜನ್ನಿನ ಎರಡನೇ ಮೆಟ್ಟಿಲೂ ಅಲ್ಲೇ ಇದೆ. ಹೀಲಿಯಮ್ಮಿನ ಆರನೆಯದು 1.51 ರಲ್ಲಿ, ಹೈಡ್ರೋಜನ್ನಿನ ಮೂರನೆಯದೂ 1.51 ರಲ್ಲಿ. Z²/n² ನಲ್ಲಿ Z = 2 ಹಾಕಿ n ಅನ್ನು ಎರಡು ಪಟ್ಟು ಮಾಡಿದರೆ ಮೇಲಿನ 4 ಮತ್ತು ಕೆಳಗಿನ 4 ಹೊಡೆದುಹೋಗುತ್ತವೆ. ಆದ್ದರಿಂದ ಹೀಲಿಯಮ್ಮಿನ ಸಮಸಂಖ್ಯೆಯ ಮೆಟ್ಟಿಲುಗಳೆಲ್ಲ ಹೈಡ್ರೋಜನ್ ಮೆಟ್ಟಿಲುಗಳ ಮಟ್ಟದಲ್ಲೇ ಬಂದು ಕೂರುತ್ತವೆ. 6 ರಿಂದ 4 ಕ್ಕೆ ಇಳಿಯುವುದೂ 3 ರಿಂದ 2 ಕ್ಕೆ ಇಳಿಯುವುದೂ ಒಂದೇ ಎತ್ತರದ ಇಳಿತ. ಬಿಡುವ ಶಕ್ತಿ ಒಂದೇ ಆದರೆ ಬೆಳಕಿನ ಬಣ್ಣವೂ ಒಂದೇ. ನಿಮ್ಮ 656 ಹೀಗೆ ಬಂತು.

ಲೆಕ್ಕವನ್ನು ಒಂದು ಸಲ ನಿಧಾನವಾಗಿ ಮಾಡಿಬಿಡೋಣ. ನನಗೆ ಇಷ್ಟವಾದ ದಾರಿ ಎಲೆಕ್ಟ್ರಾನ್ ವೋಲ್ಟ್‌ನದು, ಯಾಕೆಂದರೆ ಅಲ್ಲಿ ಹತ್ತರ ಘಾತಗಳ ಕಾಟವಿಲ್ಲ. ಮೊದಲು ಭಿನ್ನರಾಶಿ. 1/16 − 1/36 ಅಂದರೆ 5/144. ಇಲ್ಲಿ ಕೆಲವರು 16 ರಿಂದ 36 ಕಳೆದು 1/20 ಅಂತ ಬರೆಯುತ್ತಾರೆ, ಹಾಗೆ ಮಾಡಬಾರದು. ಎರಡು ಭಿನ್ನರಾಶಿಗಳನ್ನು ಕಳೆಯಬೇಕು, ಛೇದಗಳನ್ನಲ್ಲ.

```
ΔE = 54.4 × 5/144 = 1.889 eV
λ  = 1240 / 1.889 = 656.4 nm
```

ಆ 1240 ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗ ಎರಡರ ಗುಣಲಬ್ಧ. ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದ್ದರೆ ತರಂಗಾಂತರ ನೇರವಾಗಿ ನ್ಯಾನೋಮೀಟರ್‌ನಲ್ಲಿ ಬರುವ ಹಾಗೆ ಅದನ್ನು ಇಟ್ಟಿದ್ದಾರೆ. ಒಂದು ಎಚ್ಚರಿಕೆ ಇದೆ. 1.889 ಅನ್ನು ಮಧ್ಯದಲ್ಲೇ 1.9 ಅಂತ ದುಂಡು ಮಾಡಿದರೆ ಉತ್ತರ 652.6 ಆಗುತ್ತದೆ, ಸುಮಾರು 4 ನ್ಯಾನೋಮೀಟರ್ ಜಾರಿಹೋಗುತ್ತದೆ. ದುಂಡು ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ.

ರಿಡ್‌ಬರ್ಗ್ ಸೂತ್ರದ ದಾರಿಯಲ್ಲೂ ಅದೇ ಬರುತ್ತದೆ.

```
1/λ = R Z² (1/4² − 1/6²)
    = 1.097×10⁷ × 4 × 5/144
    = 1.5236×10⁶ m⁻¹
λ   = 6.563×10⁻⁷ m = 656.3 nm
```

ಇಲ್ಲಿ ಜಾಸ್ತಿ ಜನ ಎಡವುವುದು ಮೂರನೇ ಸಾಲಿನಲ್ಲಿ. 1.5236×10⁶ ಬಂದ ಕೂಡಲೇ ಅದನ್ನೇ ಉತ್ತರ ಅಂತ ಬರೆದುಬಿಡುತ್ತಾರೆ. ಅದು 1/λ, ತಿರುಗಿಸಬೇಕು. ಏಕಮಾನವನ್ನು ಪಕ್ಕದಲ್ಲೇ ಬರೆಯುವ ಅಭ್ಯಾಸ ಇದ್ದರೆ m⁻¹ ನೋಡಿದ ಕೂಡಲೇ ಕೈ ನಿಲ್ಲುತ್ತದೆ.

ಇನ್ನು ನಿಮ್ಮ ಅನುಮಾನದ ಕಥೆ. 1896 ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಎಡ್ವರ್ಡ್ ಪಿಕರಿಂಗ್ ಅವರು ಝೀಟಾ ಪಪ್ಪಿಸ್ ಅನ್ನುವ ನಕ್ಷತ್ರದ ಬೆಳಕಿನಲ್ಲಿ ಒಂದು ಹೊಸ ಸಾಲಿನ ಗೆರೆಗಳನ್ನು ಕಂಡರು. ಆ ನಕ್ಷತ್ರ ನಮಗೂ ಕಾಣುತ್ತದೆ. ಮಾರ್ಚ್ ಮೊದಲ ವಾರ, ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಧುಗಿರಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ದಿಗಂತದಿಂದ ಸುಮಾರು 36 ಡಿಗ್ರಿ ಮೇಲೆ ಇರುತ್ತದೆ. ತುಂಬ ಹೊಳೆಯುವ ಅಗಸ್ತ್ಯ ನಕ್ಷತ್ರವನ್ನು ಮೊದಲು ಹುಡುಕಿ. ಅದರ ಎಡಕ್ಕೆ, ಸ್ವಲ್ಪ ಮೇಲೆ, ಅದಕ್ಕಿಂತ ಮಂಕಾದದ್ದು ಇದು.

ಪಿಕರಿಂಗ್ ಕಂಡ ಗೆರೆಗಳು ಹೈಡ್ರೋಜನ್ನಿನ ಬಾಮರ್ ಗೆರೆಗಳ ನಡುನಡುವೆ ಕೂತಿದ್ದವು. ಬಾಮರ್ ಸೂತ್ರದಲ್ಲಿ ಪೂರ್ಣಾಂಕಗಳ ಬದಲು ಮೂರೂವರೆ, ನಾಲ್ಕೂವರೆ, ಐದೂವರೆ ಅಂತ ಹಾಕಿದರೆ ಅವು ಸರಿಯಾಗಿ ಬರುತ್ತಿದ್ದವು. ಹಾಗಾಗಿ ಇದು ಹೈಡ್ರೋಜನ್ನಿನದೇ ಇನ್ನೊಂದು ಮುಖ ಅಂತ ಆಗ ನಂಬಿದರು. 1912 ರಲ್ಲಿ ಲಂಡನ್ನಿನ ಆಲ್ಫ್ರೆಡ್ ಫೌಲರ್ ಅವರು ಹೈಡ್ರೋಜನ್ ಮತ್ತು ಹೀಲಿಯಂ ಬೆರೆತ ಕೊಳವೆಯಲ್ಲಿ ವಿದ್ಯುತ್ ಹರಿಸಿ ಅಂಥ ಗೆರೆಗಳನ್ನು ಪ್ರಯೋಗಾಲಯದಲ್ಲೇ ತೋರಿಸಿದರು. ಅವರೂ ಅದನ್ನು ಹೈಡ್ರೋಜನ್ ಅಂತಲೇ ಕರೆದರು.

1913 ರಲ್ಲಿ ನೀಲ್ಸ್ ಬೋರ್ ತಮ್ಮ ಮಾದರಿ ಮುಂದಿಟ್ಟಾಗ ಅದರಲ್ಲಿ ಅರ್ಧ ಸಂಖ್ಯೆಗೆ ಜಾಗವೇ ಇರಲಿಲ್ಲ. n ಅಂದರೆ 1, 2, 3 ಮಾತ್ರ. ಹಾಗಿದ್ದರೆ ಮೂರೂವರೆ ಎಲ್ಲಿಂದ ಬಂತು? ಬೋರ್ ಮಾಡಿದ್ದು ಸಣ್ಣ ಬೀಜಗಣಿತ. ನೀವೂ ಒಮ್ಮೆ ಕೈಯಾರೆ ಮಾಡಿ ನೋಡಿ.

```
R (1/2² − 1/3.5²) = 4R (1/4² − 1/7²)
```

ಎಡಗಡೆ ಬರೆದರೆ ವಿಚಿತ್ರ ಹೈಡ್ರೋಜನ್. ಬಲಗಡೆ ಬರೆದರೆ ಯಾವ ವಿಚಿತ್ರವೂ ಇಲ್ಲದ He⁺, 7 ರಿಂದ 4 ಕ್ಕೆ ಇಳಿತ. ಅರ್ಧ ಸಂಖ್ಯೆಗಳೆಲ್ಲ ಹೀಲಿಯಮ್ಮಿನ ಬೆಸಸಂಖ್ಯೆಯ ಮೆಟ್ಟಿಲುಗಳಾಗಿದ್ದವು. ಸಮಸಂಖ್ಯೆಯ ಗೆರೆಗಳು ಹೈಡ್ರೋಜನ್ ಗೆರೆಗಳ ಮೈಮೇಲೇ ಬಿದ್ದಿದ್ದರಿಂದ ಅವು ಬೇರೆ ಅಂತ ಯಾರಿಗೂ ಕಂಡಿರಲಿಲ್ಲ. ಆಮೇಲೆ ಮ್ಯಾಂಚೆಸ್ಟರಿನಲ್ಲಿ, ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ, ಇವಾನ್ಸ್ ಅನ್ನುವವರು ಹೈಡ್ರೋಜನ್ ಸುಳಿವೇ ಇಲ್ಲದ ಹಾಗೆ ಹೀಲಿಯಂ ಶುದ್ಧ ಮಾಡಿ ಅದರಲ್ಲೂ ಆ ಗೆರೆಗಳನ್ನು ಕಂಡರು.

ನೀವು ಬೋರ್ಡ್ ಮೇಲೆ ಈ ಎರಡನ್ನೂ ಬೇರ್ಪಡಿಸಬೇಕಾದರೆ ಬೆಸ ಗೆರೆಗಳೇ ಸಾಕ್ಷಿ. 7 ರಿಂದ 4 ಕ್ಕೆ ಲೆಕ್ಕ ಹಾಕಿ. 54.4 × (1/16 − 1/49) ಅಂದರೆ 2.29 ಎಲೆಕ್ಟ್ರಾನ್ ವೋಲ್ಟ್, ತರಂಗಾಂತರ 541 ನ್ಯಾನೋಮೀಟರ್, ಹಸಿರು. ಹೈಡ್ರೋಜನ್ನಿಗೆ ಕೆಂಪು 656 ಆದ ಮೇಲೆ ಮುಂದಿನ ಬಾಮರ್ ಗೆರೆ 486. ನಡುವೆ ಏನೂ ಇಲ್ಲ. ಒಂದು ರೋಹಿತದಲ್ಲಿ 656 ಮತ್ತು 486 ರ ಜೊತೆ 541 ಕೂಡ ಕಂಡರೆ ಅಲ್ಲಿ He⁺ ಇದೆ ಅಂತ ಅನುಮಾನಿಸಬೇಕು. 4 ರಿಂದ 3 ಕ್ಕೆ ಇಳಿಯುವಾಗ ಬರುವ 469 ರ ನೀಲಿ ಗೆರೆಯೂ ಜೊತೆಗಿದ್ದರೆ ಅನುಮಾನವೇ ಬೇಡ.

ಹಾಗಾದರೆ ಎರಡರ 656 ಪೂರ್ತಿ ಒಂದೇನಾ? ಇಲ್ಲ. ನನಗೆ ಈ ವಿಷಯದಲ್ಲೇ ಅತಿ ಪ್ರೀತಿಯ ಭಾಗ ಇದು. ಬೋರ್ ವಿವರಣೆ ಓದಿದ ಫೌಲರ್ ಒಂದು ಒಳ್ಳೆಯ ಆಕ್ಷೇಪ ಎತ್ತಿದರು. ಹೀಲಿಯಂ ಮತ್ತು ಹೈಡ್ರೋಜನ್ ಗೆರೆಗಳನ್ನು ಅಳೆದು ನೋಡಿದರೆ ಅನುಪಾತ ಸರಿಯಾಗಿ 4 ಬರುವುದಿಲ್ಲ, 4.0016 ರ ಹತ್ತಿರ ಬರುತ್ತದೆ ಅಂದರು. ಅಷ್ಟು ಸಣ್ಣ ವ್ಯತ್ಯಾಸವನ್ನು ಅಳತೆಯ ತಪ್ಪು ಅಂತ ತಳ್ಳಿಹಾಕುವ ಹಾಗಿರಲಿಲ್ಲ. ರೋಹಿತದ ಅಳತೆ ಆಗಲೇ ಅಷ್ಟು ನಿಖರವಾಗಿತ್ತು.

ಬೋರ್ ಕೊಟ್ಟ ಉತ್ತರ ಇದು. ನ್ಯೂಕ್ಲಿಯಸ್ ಅಲ್ಲಾಡದೆ ನಿಂತಿದೆ ಅಂತ ನಾವು ಲೆಕ್ಕ ಹಾಕಿದ್ದೇವೆ, ನಿಜದಲ್ಲಿ ಅದೂ ಸ್ವಲ್ಪ ಅಲ್ಲಾಡುತ್ತದೆ. ಜಾತ್ರೆಯಲ್ಲಿ ಅಪ್ಪ ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವುದನ್ನು ನೆನಪಿಸಿಕೊಳ್ಳಿ. ಮಗು ದೊಡ್ಡ ಸುತ್ತು ಹಾಕುತ್ತದೆ, ಅಪ್ಪ ಸ್ವಲ್ಪ ಹಿಂದಕ್ಕೆ ವಾಲಿ ಸಣ್ಣ ಸುತ್ತು ಹಾಕುತ್ತಾರೆ. ಅಪ್ಪ ದಪ್ಪಗಿದ್ದಷ್ಟೂ ಅವರ ಸುತ್ತು ಸಣ್ಣದು. ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ, ಹೀಲಿಯಂ ನ್ಯೂಕ್ಲಿಯಸ್ ಸುಮಾರು 7294 ಪಟ್ಟು. ಹಾಗಾಗಿ ಹೀಲಿಯಂ ನ್ಯೂಕ್ಲಿಯಸ್ ಕಡಿಮೆ ಅಲ್ಲಾಡುತ್ತದೆ. ಇದರಿಂದ ಎರಡಕ್ಕೂ R ಬೆಲೆ ಒಂಚೂರು ಬೇರೆಯಾಗುತ್ತದೆ.

```
R(H)  = 1.09678×10⁷ m⁻¹   →  656.47 nm
R(He) = 1.09722×10⁷ m⁻¹   →  656.20 nm
```

ಈ R ಗಳ ಅನುಪಾತವನ್ನು 4 ರಿಂದ ಗುಣಿಸಿ ಬೋರ್ ಲೆಕ್ಕ ಹಾಕಿದಾಗ 4.00163 ಬಂತು. ಫೌಲರ್ ಅಳತೆಗೆ ಹೊಂದಿತು. ಎರಡು ಗೆರೆಗಳ ನಡುವಿನ ಅಂತರ 0.27 ನ್ಯಾನೋಮೀಟರ್. ಪ್ರಯೋಗಾಲಯದಲ್ಲಿ ಸೋಡಿಯಂ ದೀಪದ ಜೋಡಿ ಹಳದಿ ಗೆರೆಗಳನ್ನು ನೋಡಿದ್ದರೆ, ಅವುಗಳ ನಡುವೆ ಇರುವುದು 0.6. ಇದು ಅದರ ಅರ್ಧಕ್ಕಿಂತ ಕಡಿಮೆ. ಕಾಲೇಜಿನ ಸಾಮಾನ್ಯ ಸ್ಪೆಕ್ಟ್ರೋಮೀಟರಿನಲ್ಲಿ ಬೇರ್ಪಡಿಸುವುದು ಕಷ್ಟ.

ನಿಮ್ಮ ಪುಸ್ತಕದಲ್ಲಿ ಹೈಡ್ರೋಜನ್ ಕೆಂಪು ಗೆರೆ 656.3 ಅಂತ ಇರಬಹುದು, ನಾನು 656.47 ಅಂತ ಬರೆದಿದ್ದೇನಲ್ಲ ಅಂತ ಕೇಳಬಹುದು. ನನ್ನದು ನಿರ್ವಾತದಲ್ಲಿನ ಬೆಲೆ. ಪುಸ್ತಕದ್ದು ಗಾಳಿಯಲ್ಲಿ ಅಳೆದದ್ದು. ಗಾಳಿಯಲ್ಲಿ ಬೆಳಕು ಒಂಚೂರು ನಿಧಾನ, ತರಂಗಾಂತರವೂ ಅಷ್ಟೇ ಚಿಕ್ಕದಾಗುತ್ತದೆ. R ಅನ್ನು 1.097×10⁷ ಅಂತ ದುಂಡು ಮಾಡಿದಾಗ 656.3 ಬರುವುದು ಆಕಸ್ಮಿಕ ಹೊಂದಾಣಿಕೆ. ಪರೀಕ್ಷೆಗೆ ಈ ಸೂಕ್ಷ್ಮ ಬೇಡ. 1.097×10⁷ ಹಾಕಿ, 656 ಅಂತ ಬರೆಯಿರಿ, ಸಾಕು.

ಇನ್ನೊಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಈ ಸೂತ್ರವನ್ನು ಎಲ್ಲೆಲ್ಲೋ ಹಾಕಿಬಿಡುತ್ತೀರಿ. ನಾನು ತುಮಕೂರಿನಲ್ಲಿ ಪಾಠ ಮಾಡಲು ಶುರು ಮಾಡಿದ ಹೊಸತರಲ್ಲಿ ಒಬ್ಬ ಹುಡುಗಿ ಹೀಲಿಯಂ ಕೊಳವೆಯ ಬೆಳಕನ್ನು ಗ್ರೇಟಿಂಗ್ ಮೂಲಕ ನೋಡಿ, ಹಳದಿ ಗೆರೆಗೆ 587 ಅಂತ ಅಳತೆ ಬರೆದುಕೊಂಡಳು. ಅಳತೆ ಚೆನ್ನಾಗಿತ್ತು. ಆಮೇಲೆ Z = 2 ಹಾಕಿಕೊಂಡು ಯಾವ n ಇಂದ ಯಾವ n ಗೆ ಅಂತ ಹುಡುಕುತ್ತಾ ಮಧ್ಯಾಹ್ನ ಪೂರ್ತಿ ಕೂತಳು. 5 ರಿಂದ 4, 6 ರಿಂದ 4, 7 ರಿಂದ 4, 4 ರಿಂದ 3. ಎರಡು ಹಾಳೆ ತುಂಬಿತು, 587 ಮಾತ್ರ ಬರಲಿಲ್ಲ. ನಾನು ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ, ಅದು ನನ್ನ ತಪ್ಪು.

ಆ ಗೆರೆ He⁺ ಅಯಾನಿನದಲ್ಲ, ಎರಡೂ ಎಲೆಕ್ಟ್ರಾನ್ ಇರುವ ಸಾಮಾನ್ಯ ಹೀಲಿಯಂ ಪರಮಾಣುವಿನದು. ಕಾಲೇಜಿನ ಕೊಳವೆಯಲ್ಲಿ ಎದ್ದು ಕಾಣುವುದು ಅದರ ಗೆರೆಗಳೇ: ಕೆಂಪು 667.8, ಹಳದಿ 587.6, ಹಸಿರು 501.6, ನೀಲಿ 447.1. ಇವಕ್ಕೆ ಬೋರ್ ಸೂತ್ರ ನಡೆಯುವುದಿಲ್ಲ. ಎರಡು ಎಲೆಕ್ಟ್ರಾನ್ ಇದ್ದಾಗ ಒಂದು ಇನ್ನೊಂದನ್ನು ತಳ್ಳುತ್ತದೆ, ನ್ಯೂಕ್ಲಿಯಸ್‌ನ ಎಳೆತವನ್ನು ಮರೆಮಾಡುತ್ತದೆ. ಸೂತ್ರದಲ್ಲಿ ಆ ತಳ್ಳಾಟಕ್ಕೆ ಜಾಗವೇ ಇಲ್ಲ. ಎಷ್ಟು ತಪ್ಪುತ್ತದೆ ಅಂತ ನೋಡಬೇಕಾದರೆ, ಸಾಮಾನ್ಯ ಹೀಲಿಯಂನಿಂದ ಮೊದಲ ಎಲೆಕ್ಟ್ರಾನ್ ಕೀಳಲು 24.6 ಎಲೆಕ್ಟ್ರಾನ್ ವೋಲ್ಟ್ ಸಾಕು. ಸೂತ್ರ 54.4 ಅನ್ನುತ್ತದೆ. ಅರ್ಧಕ್ಕಿಂತಲೂ ಕಡಿಮೆ.

ಆದ್ದರಿಂದ ಲೆಕ್ಕ ಶುರು ಮಾಡುವ ಮೊದಲು Z ನೋಡಬೇಡಿ, ಎಲೆಕ್ಟ್ರಾನ್ ಎಣಿಸಿ. Z ಇಂದ ಅಯಾನಿನ ಆವೇಶ ಕಳೆದರೆ ಉಳಿಯುವುದು ಎಲೆಕ್ಟ್ರಾನ್ ಸಂಖ್ಯೆ. He⁺ ಗೆ 2 − 1 = 1, Li²⁺ ಗೆ 3 − 2 = 1, Be³⁺ ಗೆ 4 − 3 = 1. ಒಂದು ಬಂದರೆ ಸೂತ್ರ ಹಾಕಿ. Li⁺ ಕೊಟ್ಟಿದ್ದರೆ ಎರಡು ಉಳಿಯುತ್ತವೆ, ಅಲ್ಲಿ ಪೆನ್ನು ಇಡಿ. ಪ್ರಶ್ನೆಪತ್ರಿಕೆಯಲ್ಲಿ ತಲೆಯ ಮೇಲಿನ ಆ ಸಣ್ಣ ಚಿಹ್ನೆಯನ್ನು ಓಡುವ ಕಣ್ಣು ಬಿಟ್ಟುಬಿಡುತ್ತದೆ.

ಈಗ He⁺ ಅಯಾನಿನಲ್ಲಿ 9 ರಿಂದ 4 ಕ್ಕೆ ನೀವೇ ಮಾಡಿ. 454 ರ ಆಸುಪಾಸು ಬರಬೇಕು, ನೀಲಿ. 909 ಬಂದರೆ Z ಹಾಕಿದ್ದೀರಿ, ವರ್ಗ ಮಾಡಿಲ್ಲ. 1818 ಬಂದರೆ Z ಪೂರ್ತಿ ಬಿಟ್ಟಿದ್ದೀರಿ. 9 ಬೆಸಸಂಖ್ಯೆ, ಆದ್ದರಿಂದ ಈ ಸಲ ಪಕ್ಕದಲ್ಲಿ ಹೈಡ್ರೋಜನ್ ಗೆರೆ ಹುಡುಕಿದರೂ ಸಿಗುವುದಿಲ್ಲ.